ಕಾಲಿನ ಗಾಯ ಒಣಗಿದ ಮೇಲೆ ಬಂದ ಕಿಡ್ನಿ ಕಾಯಿಲೆ

ವರಮಹಾಲಕ್ಷ್ಮಿ ಹಬ್ಬದ ದಿನ ತೆಗೆದ ಫೋಟೊ ಒಂದು ಈಗಲೂ ನನ್ನ ಫೋನಿನಲ್ಲಿದೆ. ಮಗ ಕಲಶದ ಮುಂದೆ ಕೈಮುಗಿದು ನಿಂತಿದ್ದಾನೆ. ಮುಖ ದುಂಡಗೆ ತುಂಬಿಕೊಂಡಿದೆ, ಕಣ್ಣು ಗೀಟು ಎಳೆದ ಹಾಗೆ ಸಣ್ಣಗಾಗಿದೆ. ಕುಂಕುಮಕ್ಕೆ ಬಂದವರೆಲ್ಲ "ಪರವಾಗಿಲ್ಲ ಕಣೆ, ನಿನ್ ಮಗ ಈ ಮಳೆಗಾಲದಲ್ಲಿ ಮೈ ಕೈ ತುಂಬ್ಕೊಂಡಿದಾನೆ" ಎಂದರು. ಏಳು ವರ್ಷದ ಹುಡುಗ, ಊಟ ಅಂದರೆ ಓಡುವವನು. ನನಗೂ ಖುಷಿಯೇ ಆಯಿತು. ಅದು ಮೈ ತುಂಬಿದ್ದಲ್ಲ, ನೀರು ತುಂಬಿದ್ದು ಅಂತ ಗೊತ್ತಾಗಲು ಇನ್ನೂ ಮೂರು ದಿನ ಬೇಕಿತ್ತು.

ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಎರಡು ಎಕರೆ ಕಾಫಿ, ಸ್ವಲ್ಪ ಮೆಣಸು. ಮಳೆ ಹಿಡಿದರೆ ತೋಟದಲ್ಲಿ ಇಂಬಳದ ಕಾಟ. ಮಕ್ಕಳು ಎಷ್ಟು ಹೇಳಿದರೂ ತೋಟದ ದಾರಿಯಲ್ಲೇ ಸ್ಕೂಲಿಗೆ ಹೋಗುವುದು. ಜುಲೈ ಮೊದಲ ವಾರದಲ್ಲಿ ಮಗನ ಎರಡೂ ಮೊಣಕಾಲಿನ ಕೆಳಗೆ ಏಳೆಂಟು ಕಡೆ ಇಂಬಳ ಕಚ್ಚಿತ್ತು. ಕಚ್ಚಿದ ಜಾಗ ನವೆ ಬರುತ್ತದೆ, ಅವನು ಕೆರೆದ. ಒದ್ದೆ ಸಾಕ್ಸ್ ಬೇರೆ. ಗಾಯ ಕೀವಾಗಿ, ಮೇಲೆ ಜೇನುತುಪ್ಪ ಒಣಗಿದ ಹಾಗೆ ಹಳದಿ ಹಕ್ಕಳೆ ಕಟ್ಟಿತು. ಕೊಬ್ಬರಿ ಎಣ್ಣೆ ಅರಿಶಿನ ಹಚ್ಚಿದೆ, ಮೆಡಿಕಲ್‌ನಿಂದ ಒಂದು ಮುಲಾಮು ತಂದೆ. ಜುಲೈ ಕೊನೆಗೆ ಒಣಗಿತು. ಕಪ್ಪು ಕಲೆ ಮಾತ್ರ ಉಳಿಯಿತು. ಮಲೆನಾಡಿನಲ್ಲಿ ಇಂಥ ಕಲೆ ಇಲ್ಲದ ಕಾಲು ಎಲ್ಲಿದೆ? ಆ ವಿಷಯ ಮರೆತೇ ಹೋಯಿತು.

ಹಬ್ಬದ ಮಾರನೇ ದಿನ, ಶನಿವಾರ, ಎದ್ದಾಗ ಅವನ ಕಣ್ಣಿನ ರೆಪ್ಪೆ ಊದಿಕೊಂಡು ಅರ್ಧ ಮುಚ್ಚಿತ್ತು. ಏನೋ ಹುಳ ಕಚ್ಚಿರಬೇಕು ಅಂದುಕೊಂಡೆ. ಹತ್ತು ಗಂಟೆ ಹೊತ್ತಿಗೆ ಊತ ಇಳಿಯಿತು. ಆಮೇಲೆ ಅವನೇ ಬಂದು ಹೇಳಿದ: "ಅಮ್ಮಾ, ನಾನು ಒಂದಕ್ಕೆ ಹೋದ್ರೆ ಕಾಫಿ ಬರ್ತಿದೆ."

ತಮಾಷೆ ಅಂದುಕೊಂಡು ಬಚ್ಚಲಿಗೆ ಹೋಗಿ ನೋಡಿದೆ. ಬಿಳಿ ಟೈಲ್ಸ್ ಮೇಲೆ ನಿಂತಿದ್ದ ಉಚ್ಚೆ ಥೇಟ್ ಬೆಲ್ಲದ ಕಾಫಿಯ ಬಣ್ಣ. ಹಾಲು ಹಾಕದ ಕಾಫಿ, ಅದರ ಮೇಲೆ ಒಂದಿಷ್ಟು ನೊರೆ. ಕೆಂಪಗಿರಲಿಲ್ಲ. ಕೆಂಪಗಿದ್ದಿದ್ದರೆ ರಕ್ತ ಅಂತ ಆಗಲೇ ಓಡುತ್ತಿದ್ದೆ. ಕಂದು ಬಣ್ಣ ನೋಡಿ ಯಾರಿಗೂ ರಕ್ತದ ಯೋಚನೆ ಬರುವುದಿಲ್ಲ, ಅಲ್ವಾ? ಅತ್ತೆ ನೋಡಿದವರೇ "ಉಷ್ಣ ಆಗಿದೆ, ನೀರು ಕುಡಿಯಲ್ಲ ಇವನು" ಎಂದರು. ಬಾರ್ಲಿ ನೀರು ಕಾಯಿಸಿದರು. ಯಜಮಾನರು ನಾಲ್ಕು ಎಳನೀರು ಇಳಿಸಿಕೊಂಡು ಬಂದರು. ಸಂಜೆ ಹತ್ತಿರದ ಒಂದು ಕ್ಲಿನಿಕ್ಕಿಗೂ ಹೋಗಿ ಬಂದೆವು. ಅಲ್ಲಿ ಹೊಟ್ಟೆ ಮುಟ್ಟಿ ನೋಡಿ, ಉರಿಮೂತ್ರ ಇರಬೇಕು ಎಂದು ಒಂದು ಸಿರಪ್ ಬರೆದುಕೊಟ್ಟರು. ಉರಿ ಇದೆಯಾ ಅಂತ ಕೇಳಿದರು, ಇವನು ಇಲ್ಲ ಎಂದ. ಜ್ವರವೂ ಇರಲಿಲ್ಲ. ಬಿಪಿ ನೋಡಲಿಲ್ಲ. ಮಕ್ಕಳಿಗೂ ಬಿಪಿ ನೋಡುತ್ತಾರೆ ಎನ್ನುವುದೇ ನನಗೆ ಗೊತ್ತಿರಲಿಲ್ಲ, ಹಾಗಾಗಿ ನಾನೂ ಕೇಳಲಿಲ್ಲ.

ಭಾನುವಾರವಿಡೀ ಎಳನೀರು, ಬಾರ್ಲಿ ನೀರು, ಮಜ್ಜಿಗೆ. ಹೋಗಿದ್ದು ಮಾತ್ರ ಎರಡೇ ಸಲ, ಅದೂ ಸ್ವಲ್ಪ ಸ್ವಲ್ಪ. ರಾತ್ರಿ ತಲೆನೋವು ಅಂತ ಅಳಲು ಶುರು ಮಾಡಿದ. ಎರಡು ಸಲ ವಾಂತಿ ಆಯಿತು. ಲೈಟ್ ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಬೆಳಗಿನ ಜಾವ ಪಕ್ಕದ ಮನೆಯವರ ಜೀಪಿನಲ್ಲಿ ಚಿಕ್ಕಮಗಳೂರಿಗೆ ಹೊರಟೆವು.

ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಉಚ್ಚೆ ವಿಷಯ ಕೇಳುವ ಮೊದಲೇ ಅವನ ಕಣ್ಣು ನೋಡಿದರು. ಕಾಲಿನ ಮುಂಭಾಗದ ಮೂಳೆ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ತೆಗೆದಾಗ ಅಲ್ಲೊಂದು ಗುಳಿ ಉಳಿದಿತ್ತು, ರೊಟ್ಟಿ ಹಿಟ್ಟಿನಲ್ಲಿ ಉಳಿಯುವ ಹಾಗೆ. ಆ ಗುಳಿಯ ಪಕ್ಕದಲ್ಲೇ ಇಂಬಳದ ಕಪ್ಪು ಕಲೆಗಳಿದ್ದವು. "ಈ ಗಾಯ ಯಾವಾಗಿಂದು?" ಎಂದರು. ಒಂದು ತಿಂಗಳಾಯಿತು, ವಾಸಿ ಆಗಿದೆ ಎಂದೆ. ಅವರು ತಲೆ ಆಡಿಸಿ ಸಿಸ್ಟರ್‌ಗೆ "ಸಣ್ಣ ಪಟ್ಟಿ ತನ್ನಿ, ಬಿಪಿ ನೋಡಿ" ಎಂದರು.

ಪಟ್ಟಿಯ ವಿಷಯ ಆಮೇಲೆ ತಿಳಿದುಕೊಂಡೆ. ದೊಡ್ಡವರ ತೋಳಿನ ಪಟ್ಟಿಯನ್ನು ಮಗುವಿಗೆ ಸುತ್ತಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಿಜಕ್ಕೂ ಜಾಸ್ತಿ ಇದ್ದರೂ ಸರಿ ಇದೆ ಅನ್ನಿಸಿಬಿಡುತ್ತದೆ. ಮಕ್ಕಳ ಪಟ್ಟಿಯಲ್ಲಿ ನೋಡಿದಾಗ 138/92 ಬಂತು. ದೊಡ್ಡವರಲ್ಲೇ ಅದು ಜಾಸ್ತಿ. ಏಳು ವರ್ಷದವನಿಗೆ ಮೇಲಿನದು 110ರ ಒಳಗೆ ಇರಬೇಕು ಎಂದರು. ತಲೆನೋವು, ವಾಂತಿ ಬರುತ್ತಿರುವುದು ಇದರಿಂದಲೇ, ಹೀಗೇ ಏರುತ್ತಾ ಹೋಗಿದ್ದರೆ ಫಿಟ್ಸ್ ಬರಬಹುದಿತ್ತು ಎಂದೂ ಹೇಳಿದರು. ಬಣ್ಣ ನೋಡಿ ನಾವು ಹೆದರಿದ್ದೆವು. ಆದರೆ ಈ ಕಾಯಿಲೆಯಲ್ಲಿ ಮಗುವಿನ ಜೀವಕ್ಕೆ ತೊಂದರೆ ಕೊಡುವುದು ಬಣ್ಣವಲ್ಲ, ಬಿಪಿ ಮತ್ತು ಮೈಯಲ್ಲಿ ನಿಂತ ನೀರು. ನೀರು ಜಾಸ್ತಿಯಾದರೆ ಶ್ವಾಸಕೋಶಕ್ಕೂ ಹೋಗಿ ಉಸಿರು ಕಟ್ಟುತ್ತದಂತೆ. ಅದಕ್ಕೇ ಎದೆಯ ಎಕ್ಸ್‌ರೇ ಕೂಡ ತೆಗೆಸಿದರು. ಪುಣ್ಯಕ್ಕೆ ಅದು ಸರಿಯಿತ್ತು.

ತೂಕ 22.1 ಕಿಲೋ. ಜೂನ್‌ನಲ್ಲಿ ಸ್ಕೂಲಿನಲ್ಲಿ ನೋಡಿದಾಗ 20 ಇತ್ತು. ಎರಡು ಕಿಲೋ ನೀರು ಹೊತ್ತುಕೊಂಡು ಕಲಶದ ಮುಂದೆ ನಿಂತಿದ್ದ ನನ್ನ ಮಗ.

ಕಾಯಿಲೆಯ ಹೆಸರು ನಾಲಿಗೆ ಹೊರಳದಷ್ಟು ಉದ್ದ: ಪೋಸ್ಟ್ ಇನ್ಫೆಕ್ಷಿಯಸ್ ಗ್ಲೊಮೆರುಲೋನೆಫ್ರೈಟಿಸ್. ವಾರ್ಡಿನಲ್ಲಿ ಎಲ್ಲರೂ ಸುಮ್ನೆ ನೆಫ್ರೈಟಿಸ್ ಎನ್ನುತ್ತಿದ್ದರು. "ಗಾಯದ ರೋಗಾಣು ರಕ್ತದಲ್ಲಿ ಹೋಗಿ ಕಿಡ್ನಿಗೆ ಸೇರಿಕೊಂಡಿತಾ ಸಾರ್?" ಎಂದು ನಾನು ಕೇಳಿದೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ಆದರೆ ಕಿಡ್ನಿಯಲ್ಲಿ ಈಗ ರೋಗಾಣು ಒಂದೂ ಇಲ್ಲ ಎಂದರು. ಕೀವು ಮಾಡಿದ್ದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದರ ವಿರುದ್ಧ ಮೈ ತನ್ನದೇ ಪ್ರತಿಕಾಯ ತಯಾರಿಸುತ್ತದೆ. ಬ್ಯಾಕ್ಟೀರಿಯಾದ ಚೂರುಗಳೂ ಈ ಪ್ರತಿಕಾಯಗಳೂ ಅಂಟಿಕೊಂಡು ಸಣ್ಣ ಸಣ್ಣ ಗಂಟಾಗುತ್ತವೆ. ಅವು ಕಿಡ್ನಿಯ ಜರಡಿಯಲ್ಲಿ ಸಿಕ್ಕಿಕೊಂಡು ಅಲ್ಲಿ ಊತ ಬರುತ್ತದೆ. ಊದಿಕೊಂಡ ಜರಡಿಗೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಕೆಲವು ಕಡೆ ಹರಿದು ರಕ್ತಕಣ ಸೋರುತ್ತದೆ. ಉಳಿದ ಕಡೆ ಕಟ್ಟಿಕೊಂಡು ನೀರು, ಉಪ್ಪು ಹೊರಗೆ ಹೋಗುವುದಿಲ್ಲ. ರಕ್ತ ಹೋಗುತ್ತಿದ್ದರೂ ನೀರು ಯಾಕೆ ಹೋಗುತ್ತಿಲ್ಲ ಎಂಬ ನನ್ನ ಗೊಂದಲ ಇಲ್ಲಿ ಬಿಟ್ಟಿತು. ರಕ್ತಕಣ ಕಿಡ್ನಿಯಿಂದ ಇಳಿದು ಬರುವಷ್ಟರಲ್ಲಿ ಹುಳಿ ಉಚ್ಚೆಯಲ್ಲಿ ಕಂದಿ ಹೋಗಿರುತ್ತದೆ. ಕೆಂಪಿನ ಬದಲು ಕಾಫಿ ಬಣ್ಣ ಬರುವುದು ಹಾಗೆ.

ಇದೆಲ್ಲ ಆಗಲು ಸಮಯ ಹಿಡಿಯುತ್ತದೆ. ಗಂಟಲು ನೋವಿನ ನಂತರವಾದರೆ ಒಂದೆರಡು ವಾರ, ಚರ್ಮದ ಗಾಯದ ನಂತರವಾದರೆ 3ರಿಂದ 6 ವಾರ. ಅಷ್ಟರಲ್ಲಿ ಗಾಯ ಒಣಗಿರುತ್ತದೆ, ಯಾರೂ ಎರಡನ್ನೂ ಜೋಡಿಸಿ ನೋಡುವುದಿಲ್ಲ. ಶೀತ ಜ್ವರ ಬಂದ ಒಂದೆರಡು ದಿನದಲ್ಲೇ ಉಚ್ಚೆ ಕಂದಾದರೆ ಅದು ಬೇರೆಯದೇ ಕಿಡ್ನಿ ಕಾಯಿಲೆ ಇರಬಹುದು, ನಡುವಿನ ಈ ದಿನಗಳ ಲೆಕ್ಕ ನಮಗೆ ಮುಖ್ಯ ಎಂದರು ಡಾಕ್ಟರು.

ಉಚ್ಚೆ ಪರೀಕ್ಷೆಯಲ್ಲಿ ರಕ್ತಕಣ ಲೆಕ್ಕವಿಲ್ಲದಷ್ಟು, ಉಚ್ಚೆಯಲ್ಲಿ ಸೋರಬಾರದ ಪ್ರೋಟೀನ್ ಆದ ಆಲ್ಬುಮಿನ್ ಎರಡು ಪ್ಲಸ್. ಕಿಡ್ನಿ ಹೊರಗೆ ಹಾಕಬೇಕಾದ ಕಸ ಕ್ರಿಯಾಟಿನಿನ್, ಅದು ರಕ್ತದಲ್ಲಿ 0.9. ರಿಪೋರ್ಟಿನಲ್ಲಿ ಅದು ನಾರ್ಮಲ್ ಸಾಲಿನಲ್ಲೇ ಇತ್ತು, ಆದರೆ ಆ ಸಾಲು ದೊಡ್ಡವರದು. ಇವನ ವಯಸ್ಸಿಗೆ ಅರ್ಧದ ಸುತ್ತ ಇರಬೇಕಿತ್ತಂತೆ. ಸ್ಟ್ರೆಪ್ಟೊಕಾಕಸ್ ವಿರುದ್ಧದ ಪ್ರತಿಕಾಯ ಅಳೆಯುವ ಇನ್ನೊಂದು ಟೆಸ್ಟ್, ಎಎಸ್ಒ, ಜಾಸ್ತಿ ಇರಲಿಲ್ಲ. ಹಾಗಾದರೆ ಈ ಕಾಯಿಲೆ ಅಲ್ಲವಾ ಅಂತ ನಮ್ಮವರು ಕೇಳಿದರು. ಗಂಟಲಿನ ಸೋಂಕಿನಲ್ಲಿ ಅದು ಏರುತ್ತದೆ, ಚರ್ಮದ ಸೋಂಕಿನಲ್ಲಿ ಎಷ್ಟೋ ಸಲ ಏರುವುದಿಲ್ಲ, ಅದನ್ನು ನಂಬಿ ಇಲ್ಲ ಅನ್ನುವ ಹಾಗಿಲ್ಲ ಎಂದರು. ಅವರು ಕಾಯುತ್ತಿದ್ದದ್ದು ಸಿ3 ಎಂಬ ಟೆಸ್ಟಿಗೆ. ಪ್ರತಿಕಾಯದ ಗಂಟುಗಳ ಜಗಳದಲ್ಲಿ ಖರ್ಚಾಗುವ ರಕ್ತದ ಪ್ರೋಟೀನ್ ಅದು. 90ರ ಮೇಲೆ ಇರಬೇಕಾದದ್ದು ಇವನಿಗೆ 28 ಇತ್ತು. ಕಡಿಮೆ ಇದೆ ಎಂದು ನಾವು ಗಾಬರಿಯಾದರೆ ಡಾಕ್ಟರ ಮುಖ ಸ್ವಲ್ಪ ಸಡಿಲವಾಯಿತು. ಈ ಕಾಯಿಲೆಯಲ್ಲಿ ಅದು ಇಳಿಯಲೇಬೇಕು, ಎರಡು ತಿಂಗಳಲ್ಲಿ ತಾನೇ ಏರಲೂಬೇಕು. ಏರಲಿಲ್ಲ ಅಂದರೆ ಮಾತ್ರ ಬೇರೆ ಕಾಯಿಲೆ ಹುಡುಕಲು ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಬೇಕಾಗುತ್ತದೆ.

ನೆಫ್ರೈಟಿಸ್ ಅನ್ನೇ ವಾಸಿ ಮಾಡುವ ಔಷಧಿ ಇಲ್ಲ. ಜರಡಿಯ ಊತ ತಾನಾಗಿ ಇಳಿಯಬೇಕು. ಅಲ್ಲಿವರೆಗೆ ಮಗುವನ್ನು ನೀರಿನಿಂದಲೂ ಬಿಪಿಯಿಂದಲೂ ಕಾಪಾಡುವುದಷ್ಟೇ ಕೆಲಸ. ನೀರು ಇಳಿಸಲು ಫ್ರೂಸಮೈಡ್ ಇಂಜೆಕ್ಷನ್, ಬಿಪಿಗೆ ಆಮ್ಲೊಡಿಪಿನ್ ಮಾತ್ರೆ ಕೊಟ್ಟರು. ಹತ್ತು ದಿನ ಪೆನ್ಸಿಲಿನ್ ಜಾತಿಯ ಆಂಟಿಬಯಾಟಿಕ್ ಕೂಡ ಕೊಟ್ಟರು. ಅದು ಕಿಡ್ನಿಗಲ್ಲ, ಮೈಮೇಲೋ ಗಂಟಲಲ್ಲೋ ರೋಗಾಣು ಉಳಿದಿದ್ದರೆ ಬೇರೆ ಮಕ್ಕಳಿಗೆ ಹರಡದಿರಲಿ ಅಂತ. ಮನೆಯಲ್ಲಿದ್ದ ಮಗಳ ಕಾಲೂ ನೋಡಲು ಕರೆಸಿದರು, ಉಚ್ಚೆ ಪರೀಕ್ಷೆ ಮಾಡಿಸಿದರು. ಅವಳಿಗೆ ಏನೂ ಇರಲಿಲ್ಲ.

ನಿಜವಾದ ಕಷ್ಟ ಶುರುವಾಗಿದ್ದು ನೀರಿನ ಲೆಕ್ಕದಲ್ಲಿ. ಸಿಸ್ಟರ್ ಒಂದು ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗು ಕೊಟ್ಟು "ಒಂದು ಹನಿ ಬಿಡಬೇಡಿ, ಎಲ್ಲ ಇದರಲ್ಲೇ ಹಿಡಿಯಿರಿ, ಬರೆದಿಡಿ" ಎಂದರು. ಮೊದಲ 24 ಗಂಟೆಯಲ್ಲಿ ಬಂದದ್ದು 250 ಎಂಎಲ್. ಮಾರನೇ ದಿನ ಎಷ್ಟು ನೀರು ಕೊಡಬೇಕು ಎನ್ನುವುದು ಅದರ ಮೇಲೆ: ಉಸಿರು, ಬೆವರಿನಲ್ಲಿ ಹೋಗುವುದಕ್ಕೆ ಅವನ ಮೈಯಳತೆಗೆ ಸುಮಾರು 320, ಹಿಂದಿನ ದಿನದ ಉಚ್ಚೆ 250. ಒಟ್ಟು 570. ಇದರಲ್ಲಿ ನೀರು, ಹಾಲು, ಸಾರು, ಮಾತ್ರೆ ನುಂಗುವ ನೀರು ಎಲ್ಲ ಸೇರಿತು.

570 ಎಂಎಲ್ ಅಂದರೆ ಎಷ್ಟು ಅಂತ ನನಗೆ ಅಂದಾಜಿರಲಿಲ್ಲ. ಬಾಟಲಿಯಲ್ಲಿ ತುಂಬಿಸಿ ನೋಡಿದಾಗ ಹೊಟ್ಟೆ ಚುರುಕ್ ಎಂದಿತು. ಇಡೀ ದಿನಕ್ಕೆ ಇಷ್ಟೇನಾ? ಎರಡು ದಿನ ಇದೇ ಮಗುವಿಗೆ ಚೊಂಬುಗಟ್ಟಲೆ ಬಾರ್ಲಿ ನೀರು ಕುಡಿಸಿದ್ದು ನಾವೇ. ಸಿರಪ್ಪಿನ ಸಣ್ಣ ಅಳತೆ ಮುಚ್ಚಳದಲ್ಲಿ ಗಂಟೆಗೊಂದು ಸಲ ಕೊಡುತ್ತಿದ್ದೆ. ದೊಡ್ಡ ಲೋಟದಲ್ಲಿ ತಳಕ್ಕೆ ಸ್ವಲ್ಪ ಹಾಕಿಕೊಟ್ಟರೆ ಅಳುತ್ತಿದ್ದ, ಅದೇ ಮುಚ್ಚಳದ ತುಂಬ ಕೊಟ್ಟರೆ ಸುಮ್ಮನಾಗುತ್ತಿದ್ದ. ಎರಡನೇ ದಿನ ಬಾಯಿ ಮುಕ್ಕಳಿಸುತ್ತೇನೆ ಅಂತ ಬಚ್ಚಲಿಗೆ ಹೋಗಿ ನಲ್ಲಿಗೆ ಬಾಯಿ ಹಚ್ಚಿದ್ದ. ನಾನು ನೋಡಿದೆ ಅಂತ ಗೊತ್ತಾಗಿ ಗಲ್ಲದಲ್ಲಿ ನೀರು ತುಂಬಿಕೊಂಡೇ ನಿಂತ. ನುಂಗಲೂ ಇಲ್ಲ, ಉಗುಳಲೂ ಇಲ್ಲ. ನನ್ನನ್ನೇ ನೋಡುತ್ತಿದ್ದ. ನಾನು ಆ ಕಡೆ ತಿರುಗಿಕೊಂಡೆ. ಆಮೇಲೆ ಡೈರಿಯಲ್ಲಿ 30 ಎಂಎಲ್ ಅಂತ ಬರೆದೆ.

ಎಳನೀರು ತಂದ ನೆಂಟರಿಗೆ ಬೇಡ ಅನ್ನುವುದೇ ಒಂದು ಕೆಲಸವಾಯಿತು. ಆಸ್ಪತ್ರೆಗೆ ಎಳನೀರು ತರದೇ ಬರುವವರು ನಮ್ಮ ಕಡೆ ಯಾರಿದ್ದಾರೆ? ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಉಚ್ಚೆ ಕಡಿಮೆ ಹೋಗುತ್ತಿರುವಾಗ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸಬಹುದು. ಬಾಳೆಹಣ್ಣಿಗೂ ಅದೇ ಮಾತು. ಅತ್ತೆಗೆ ಇದು ಕೇಳಿ ತುಂಬಾ ಬೇಜಾರಾಯಿತು. "ನಾನೇ ವಿಷ ಹಾಕ್ದಂಗಾಯ್ತಲ್ಲ" ಅಂದರು. ಉರಿಮೂತ್ರಕ್ಕೆ ಅದೇ ಮದ್ದು ಅತ್ತೆ, ನಿಮ್ಮದೇನು ತಪ್ಪಿಲ್ಲ, ಕಾಯಿಲೆ ಬೇರೆ ಆಗಿತ್ತು ಅಷ್ಟೇ ಎಂದೆ.

ಮೂರನೇ ದಿನ ಜಗ್ಗಿನಲ್ಲಿ 420. ಬಿಪಿ 124ಕ್ಕೆ ಇಳಿದಿತ್ತು, ತಲೆನೋವು ಹೋಗಿತ್ತು. ನಾಲ್ಕನೇ ದಿನ ಬೆಳಗ್ಗೆ ಒಂದೇ ಸಲಕ್ಕೆ ಜಗ್ಗಿನ ಅರ್ಧ ಬಂತು. ಪಕ್ಕದ ಬೆಡ್ಡಿನ ಅಜ್ಜಿಗೂ ತೋರಿಸಿಕೊಂಡು ಬಂದೆ, ಈಗ ನೆನೆಸಿಕೊಂಡರೆ ನಗು ಬರುತ್ತದೆ. ಅವತ್ತು ಒಟ್ಟು 950, ಮರುದಿನ 1,600. ತೂಕ ದಿನಕ್ಕೆ ಅರ್ಧ ಕಿಲೋ, ಮುಕ್ಕಾಲು ಕಿಲೋ ಇಳಿಯಿತು. ಏಳನೇ ದಿನ ಮನೆಗೆ ಕಳಿಸುವಾಗ 20.2. ಗಲ್ಲದ ಮೂಳೆ ಕಾಣುತ್ತಿತ್ತು. ಉಚ್ಚೆ ಇನ್ನೂ ತೆಳು ಟೀ ಬಣ್ಣ, ಅದು ಹಳದಿಗೆ ತಿರುಗಲು ಮತ್ತೊಂದು ವಾರ ಹಿಡಿಯಿತು.

ಬಿಡುಗಡೆಯ ದಿನ ನನ್ನೊಳಗೆ ಕೊರೆಯುತ್ತಿದ್ದದ್ದನ್ನು ಕೇಳಿದೆ. ಜುಲೈನಲ್ಲೇ ಗಾಯಕ್ಕೆ ಸರಿಯಾದ ಆಂಟಿಬಯಾಟಿಕ್ ಕೊಡಿಸಿದ್ದರೆ ಇದು ಬರುತ್ತಿರಲಿಲ್ಲವಾ? ಅವರು ಮುಚ್ಚಿಡದೆ ಹೇಳಿದರು. ಗಾಯ ಬೇಗ ಒಣಗುತ್ತಿತ್ತು, ಬೇರೆಯವರಿಗೆ ಹರಡುವುದು ತಪ್ಪುತ್ತಿತ್ತು. ಆದರೆ ಕಿಡ್ನಿಯ ಈ ಕಾಯಿಲೆಯನ್ನು ಖಂಡಿತ ತಡೆಯುತ್ತಿತ್ತು ಅಂತ ಹೇಳಲಾಗದು. ಗಂಟಲು ನೋವಿನ ನಂತರ ಬರುವ ಸಂಧಿವಾತ ಜ್ವರ, ಅದೇ ಹೃದಯದ ಕವಾಟಕ್ಕೆ ಹೋಗುವುದು, ಅದನ್ನು ಸಮಯಕ್ಕೆ ಕೊಟ್ಟ ಔಷಧಿ ತಡೆಯುತ್ತದೆ. ಇದು ಹಾಗಲ್ಲ. ಆಗಲೇ ಇನ್ನೊಂದೂ ಕೇಳಿಕೊಂಡೆ, ಯಾಕೆಂದರೆ ನಮ್ಮೂರಿನ ಒಬ್ಬ ಹುಡುಗನಿಗೆ ಹೃದಯದ ತೊಂದರೆಗೆ 21 ದಿನಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಹಾಕಿಸುತ್ತಾರೆ. ಇವನಿಗೂ ಬೇಕು, ಬಿಟ್ಟರೆ ಮತ್ತೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಬೇಡ ಎಂದರು ಡಾಕ್ಟರು. ರೋಗಾಣು ಒಂದೇ ಜಾತಿ, ಕಾಯಿಲೆ ಬೇರೆ. ನೆಫ್ರೈಟಿಸ್ ಒಬ್ಬರಿಗೇ ಎರಡನೇ ಸಲ ಬರುವುದು ಬಹಳ ಅಪರೂಪ.

ಮನೆಯಲ್ಲಿ ಉಪ್ಪಿನ ಪಥ್ಯ. ಬಿಪಿ ಮಾತ್ರೆ ನಿಲ್ಲುವವರೆಗೆ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಚಿಪ್ಸ್ ಬಂದ್. ಮಳೆಗಾಲದ ಮಲೆನಾಡಿನಲ್ಲಿ ಇಷ್ಟು ತೆಗೆದರೆ ಊಟದಲ್ಲಿ ಇನ್ನೇನು ಉಳಿಯಿತು! ಅವನೊಬ್ಬನಿಗೆ ಬೇರೆ ಮಾಡಿದರೆ ತಿನ್ನಲ್ಲ ಅಂತ ಮನೆಮಂದಿಯೆಲ್ಲ ಸಪ್ಪೆ ಅಕ್ಕಿರೊಟ್ಟಿ ತಿಂದೆವು. ರೊಟ್ಟಿಗೆ ಈರುಳ್ಳಿ, ಜೀರಿಗೆ, ಹಸಿಮೆಣಸು ಜಾಸ್ತಿ ಹಾಕಿದರೆ, ಸಾರಿಗೆ ನಿಂಬೆ ಹಿಂಡಿದರೆ ಉಪ್ಪು ಇಲ್ಲದ್ದು ಅಷ್ಟು ಗೊತ್ತಾಗುವುದಿಲ್ಲ. ವಾರಕ್ಕೆರಡು ಸಲ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿಸುತ್ತಿದ್ದೆ. ಮೊದಲ ದಿನ ಅಲ್ಲಿ ದೊಡ್ಡವರ ಪಟ್ಟಿ ಸುತ್ತಲು ಬಂದರು, ಮಕ್ಕಳದ್ದು ಇದೆಯಾ ಅಂತ ಕೇಳಿದೆ. ಕಪಾಟಿನ ಒಳಗೆ ಹೊಸದಾಗಿಯೇ ಇತ್ತು. ನಾಲ್ಕನೇ ವಾರಕ್ಕೆ ಮಾತ್ರೆ ನಿಲ್ಲಿಸಿದರು.

ಎಂಟನೇ ವಾರ ಸಿ3 ಟೆಸ್ಟ್. ರಕ್ತ ಕೊಟ್ಟು ಮಾರನೇ ದಿನದವರೆಗೆ ಕಾಯಬೇಕಿತ್ತು. 104 ಬಂತು. ಆಲ್ಬುಮಿನ್ ಅಷ್ಟರಲ್ಲೇ ಹೋಗಿತ್ತು. ಕ್ರಿಯಾಟಿನಿನ್ 0.5.

ಆದರೆ ಉಚ್ಚೆ ರಿಪೋರ್ಟಿನಲ್ಲಿ ರಕ್ತಕಣ ಇದ್ದೇ ಇತ್ತು. ಕಣ್ಣಿಗೆ ನೀರಿನಷ್ಟು ತಿಳಿಯಾಗಿ ಕಾಣುತ್ತಿತ್ತು, ಸೂಕ್ಷ್ಮದರ್ಶಕದಲ್ಲಿ ಮಾತ್ರ 15ರಿಂದ 20. ಐದನೇ ತಿಂಗಳಲ್ಲೂ 8ರಿಂದ 10. ನಮ್ಮವರು ಬೆಂಗಳೂರಿಗೆ ಹೋಗೋಣ ಎಂದು ಹಟ ಹಿಡಿದರು. ಡಾಕ್ಟರು ಹಳೆಯ ರಿಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ತೋರಿಸಿದರು. ಬಿಪಿ ಸರಿ, ಸಿ3 ಸರಿ, ಆಲ್ಬುಮಿನ್ ಇಲ್ಲ. ಹೀಗಿದ್ದಾಗ ಈ ರಕ್ತಕಣ ಒಂದು ವರ್ಷದವರೆಗೆ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು ದಿನ ಉಳಿದು ತಾನೇ ಹೋಗುತ್ತದೆ. ಆಲ್ಬುಮಿನ್ ಮತ್ತೆ ಬಂದರೆ, ಬಿಪಿ ಏರಿದರೆ, ಕಣ್ಣಿಗೆ ಕಾಣುವ ಹಾಗೆ ಬಣ್ಣ ತಿರುಗಿದರೆ ಆಗ ಬನ್ನಿ, ನಾನೇ ಕಳಿಸುತ್ತೇನೆ ಎಂದರು. ಹೋಗಲಿಲ್ಲ. ಹನ್ನೊಂದನೇ ತಿಂಗಳ ರಿಪೋರ್ಟಿನಲ್ಲಿ ರಕ್ತಕಣದ ಸಾಲಿನ ಎದುರು "ಇಲ್ಲ" ಎಂದಿತ್ತು. ವರ್ಷಕ್ಕೊಮ್ಮೆ ಬಿಪಿ, ಉಚ್ಚೆ ಎರಡನ್ನೂ ನೋಡಿಸುತ್ತಿರಿ ಎಂದು ಹೇಳಿ ಕಳಿಸಿದರು.

ಅಷ್ಟರಲ್ಲಿ ಮತ್ತೆ ಜುಲೈ ಬಂದಿತ್ತು. ಈ ಸಲ ಸ್ಕೂಲಿಂದ ಬಂದ ತಕ್ಷಣ ಇಬ್ಬರ ಕಾಲನ್ನೂ ಸೋಪು ಹಾಕಿ ತೊಳೆದು ಒರೆಸುತ್ತೇನೆ, ಉಗುರು ಚಿಕ್ಕದಾಗಿ ಕತ್ತರಿಸಿದ್ದೇನೆ. ಕೀವು ಕಂಡರೆ ಮುಲಾಮು ಹಚ್ಚಿ ಕೂರುವುದಿಲ್ಲ, ಡಾಕ್ಟರಿಗೆ ತೋರಿಸುತ್ತೇನೆ. ಇಂಬಳ ಕಚ್ಚಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ಅಲ್ಲಿಂದ ಆರು ವಾರ ಎಣಿಸಲು. ಅತ್ತೆ ಇಂಬಳ ಬಿಡಿಸಲು ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿ ಬಾಗಿಲ ಮೂಲೆಯಲ್ಲಿ ಇಟ್ಟಿದ್ದಾರೆ. ಮಗ ಮೊನ್ನೆ ಅದನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡು ನನ್ನ ಕಡೆ ನೋಡಿದ. ನಾನು ಏನೂ ಅನ್ನಲಿಲ್ಲ.